ಶುಕ್ರವಾರ ರಾತ್ರಿ ಅಂದರೆ ಯಾವ ರಾತ್ರಿ?

ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಅತಿಥಿಗಳ ಜೊತೆ ನಿಮ್ಮ ಮಾತುಕತೆ ಬಹುಪಾಲು ವಾಟ್ಸಾಪಿನಲ್ಲಿ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಆ ಬೆರಕೆಯನ್ನು ಬಿಡಬೇಕಿಲ್ಲ. ಬುಕಿಂಗ್, ಅಡ್ವಾನ್ಸ್, ಚೆಕ್‌ಇನ್ ಅಂದರೆ ಇಬ್ಬರಿಗೂ ಅರ್ಥವಾಗುತ್ತದೆ. ಎಡವಟ್ಟಾಗುವುದು ದಿನ ಹೇಳುವಾಗ. ಅದಕ್ಕೇ ಇವತ್ತು ಒಂದೇ ಮಾತು: ವಾರವನ್ನೂ ತಾರೀಖನ್ನೂ ಜೊತೆಗೇ ಬರೆಯಿರಿ, ಉಳಿಯುವ ರಾತ್ರಿಗಳನ್ನು ಹೆಸರಿಟ್ಟು ಬರೆಯಿರಿ.

ಬೆಂಗಳೂರಿನಿಂದ ಒಂದು ಮೆಸೇಜು ಬಂತು ಅಂತಿಟ್ಟುಕೊಳ್ಳಿ. "ಫ್ರೈಡೇ ನೈಟ್ ಬರ್ತೀವಿ, ಟೂ ನೈಟ್ಸ್, ನಾಲ್ಕು ಜನ." ನೀವು "ಓಕೆ, ಬನ್ನಿ" ಅಂದಿರಿ. ನಿಮ್ಮ ಲೆಕ್ಕದಲ್ಲಿ ಶುಕ್ರವಾರ ರಾತ್ರಿ, ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ರೂಮು ಖಾಲಿ. ಆದರೆ ಅವರು ಹೇಳಿದ್ದು ತಾಳಗುಪ್ಪದ ರೈಲು ಹತ್ತುವ ರಾತ್ರಿಯನ್ನು. ಆ ರೈಲು ರಾತ್ರಿ ಬೆಂಗಳೂರು ಬಿಟ್ಟು ಸಾಗರ ಮುಟ್ಟುವುದು ಮರುದಿನ ಬೆಳಿಗ್ಗೆ. ಅವರ ಎರಡು ರಾತ್ರಿ ಶನಿವಾರದ್ದು ಮತ್ತು ಭಾನುವಾರದ್ದು.

ಶುಕ್ರವಾರ ನೀವು ನಾಲ್ಕು ಜನರ ಅಡುಗೆ ಮಾಡಿ ಹನ್ನೊಂದರವರೆಗೆ ಗೇಟು ತೆರೆದು ಕಾದಿರಿ. ಅನ್ನ ಆರಿತು. ಅದನ್ನಾದರೂ ಸಹಿಸಿಕೊಳ್ಳಬಹುದು. ನಿಜವಾದ ಪೆಟ್ಟು ಭಾನುವಾರ ಬೀಳುತ್ತದೆ. ಹನ್ನೊಂದು ಗಂಟೆಗೆ ಬೇರೆ ಅತಿಥಿಗಳು ಬರುತ್ತಾರೆ, ಒಳಗಿರುವವರು ಜೋಗಕ್ಕೆ ಹೋಗಿ ಸಂಜೆ ವಾಪಸ್ ಬರ್ತೀವಿ ಅನ್ನುತ್ತಾರೆ. ನೀವೂ ಸುಳ್ಳು ಹೇಳಿಲ್ಲ, ಒಳಗಿರುವವರೂ ಹೇಳಿಲ್ಲ. ಮೆಸೇಜು ತೆಗೆದು ನೋಡಿದರೆ ಇಬ್ಬರ ಮಾತೂ ಸರಿ. ನಮ್ಮ "ಬರ್ತೀವಿ"ಯಲ್ಲಿ ಹೊರಡುವುದೂ ಇದೆ, ತಲುಪುವುದೂ ಇದೆ. ಪಕ್ಕದಲ್ಲಿ "ನೈಟ್" ಅಂತ ಸೇರಿಸಿದರೆ ಯಾವುದೆಂದು ತಿಳಿಯುವುದಿಲ್ಲ.

ಹಾಗಾಗಿ ಮೊದಲು ಕೇಳಿ: "ಶುಕ್ರವಾರ ಬೆಂಗಳೂರು ಬಿಡ್ತೀರಾ ಸರ್, ಅಥವಾ ಶುಕ್ರವಾರವೇ ನಮ್ಮನೆ ತಲುಪ್ತೀರಾ?" ಉತ್ತರ ಬಂದ ಮೇಲೆ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆಯಿರಿ. ನಿಧಾನವಾಗಿ ಓದುತ್ತೇನೆ, ಬೇಕಾದರೆ ಬರೆದುಕೊಳ್ಳಿ. "ನಮಸ್ಕಾರ ಸರ್. ಚೆಕ್‌ಇನ್ ಶನಿವಾರ 14ನೇ ತಾರೀಖು ಬೆಳಿಗ್ಗೆ 8 ಗಂಟೆ. ಉಳಿಯುವುದು ಶನಿವಾರ ರಾತ್ರಿ ಮತ್ತು ಭಾನುವಾರ ರಾತ್ರಿ. ಚೆಕ್‌ಔಟ್ ಸೋಮವಾರ 16ನೇ ತಾರೀಖು ಬೆಳಿಗ್ಗೆ 10 ಗಂಟೆ. ನಾಲ್ಕು ಜನ, ಎರಡು ರೂಮು. ಮೊದಲ ಊಟ ಶನಿವಾರ ಮಧ್ಯಾಹ್ನ. ಇದು ಸರಿಯಿದ್ದರೆ 'ಸರಿ' ಎಂದು ಬರೆದು ಕಳಿಸಿ." ಇಷ್ಟೇ. ವಾರ ಮತ್ತು ತಾರೀಖು ಎರಡೂ ಯಾಕೆ ಅಂದರೆ, ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. "ಶನಿವಾರ 15" ಅಂತ ಬರೆದಿದ್ದರೆ ಕ್ಯಾಲೆಂಡರ್ ನೋಡಿದವರು ಕೂಡಲೇ ಕೇಳುತ್ತಾರೆ. ಬರೀ "15" ಇದ್ದರೆ ಯಾರೂ ಕೇಳುವುದಿಲ್ಲ.

"ನಾಳೆ", "ನಾಡಿದ್ದು" ಮೆಸೇಜಿನಲ್ಲಿ ಬೇಡವೇ ಬೇಡ. ನಮ್ಮ ಕಡೆ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ. ಸಂಜೆ ಬರೆದ "ನಾಳೆ" ಟಿಕ್ ಬೀಳದೆ ಗಡಿಯಾರದ ಗುರುತಿನಲ್ಲೇ ನಿಂತು, ಅವರು ಓದುವ ಹೊತ್ತಿಗೆ ಆ ನಾಳೆಯೇ ಬಂದಿರುತ್ತದೆ. ರಾತ್ರಿ ಹನ್ನೆರಡೂವರೆಗೆ ಟೈಪ್ ಮಾಡುವವರ "ನಾಳೆ"ಯಂತೂ ಯಾವ ದಿನವೋ. "ನೆಕ್ಸ್ಟ್ ಸ್ಯಾಟರ್ಡೇ" ಕೂಡ ಹಾಗೇ: ಒಬ್ಬರಿಗೆ ಬರುವ ಶನಿವಾರ, ಇನ್ನೊಬ್ಬರಿಗೆ ಅದರ ಮುಂದಿನದು. ಅತಿಥಿ ಹಾಗೆ ಬರೆದರೆ ತಿದ್ದಲು ಹೋಗಬೇಡಿ. "ಅಂದರೆ ಶನಿವಾರ 21, ಅಲ್ವಾ ಮೇಡಂ?" ಎಂದರೆ ಸಾಕು, ಮರ್ಯಾದೆಯೂ ಉಳಿಯುತ್ತದೆ.

ಇನ್ನು "ಬನ್ನಿ". ಮಲೆನಾಡಿನಲ್ಲಿ ಮನೆಗೆ ಬರ್ತೀವಿ ಅಂದವರಿಗೆ ಬನ್ನಿ ಅನ್ನದೆ ಇರುವುದು ಹೇಗೆ? ಅನ್ನಿ. ಆದರೆ ಊರಿನವರಿಗೆ ಉಪಚಾರವಾದದ್ದು ಬುಕ್ ಮಾಡುವವರಿಗೆ ರೂಮು ಸಿಕ್ಕಿತು ಎಂದು ಕೇಳಿಸುತ್ತದೆ. "ನೋಡೋಣ" ಅಂದರೂ ಅಷ್ಟೇ, ನಾವು ಇಲ್ಲ ಅಂದಿರುತ್ತೇವೆ, ಅವರು ಹೌದು ಅಂದುಕೊಂಡಿರುತ್ತಾರೆ. ರೂಮು ಇಲ್ಲದಿದ್ದರೆ "ಶನಿವಾರ 14, ಭಾನುವಾರ 15 ರೂಮು ಖಾಲಿ ಇಲ್ಲ, ಕ್ಷಮಿಸಿ. ಸೋಮವಾರ 16ರಿಂದ ಇದೆ" ಎಂದು ನೇರ ಬರೆಯಿರಿ. ಇದರಲ್ಲಿ ಒರಟುತನ ಇಲ್ಲ.

ಸಮಯ ಮುಗಿಯುತ್ತಿದೆಯಂತೆ, ದುಡ್ಡಿನ ವಿಷಯ ಎರಡೇ ಮಾತಲ್ಲಿ. "ರೇಟು ಎರಡು ಸಾವಿರ" ಎಂದು ಬಿಡಬೇಡಿ, ಒಬ್ಬರಿಗೆ, ಒಂದು ರಾತ್ರಿಗೆ, ಊಟ ಸೇರಿಯೋ ಬಿಟ್ಟೋ ಎಂದು ಬರೆಯಿರಿ. "ಅಡ್ವಾನ್ಸ್ ಹಾಕಿ" ಎನ್ನುವ ಬದಲು "ದಯವಿಟ್ಟು ಗುರುವಾರ 12ರ ಸಂಜೆ 6ರೊಳಗೆ ಅಡ್ವಾನ್ಸ್ ಕಳಿಸಿ" ಎನ್ನಿ.

ಮತ್ತೊಂದು. ದಿನ ಬದಲಾದರೆ ಕಳಿಸಿದ ಮೆಸೇಜನ್ನೇ ಎಡಿಟ್ ಮಾಡಬೇಡಿ, ಅವರು ಮೊದಲೇ ಓದಿಯಾಗಿದ್ದರೆ ಮತ್ತೆ ತೆಗೆದು ನೋಡುವುದಿಲ್ಲ. "ಬದಲಾದ ದಿನ" ಎಂದು ಶುರುಮಾಡಿ ಪೂರ್ತಿ ಮೆಸೇಜನ್ನು ಹೊಸದಾಗಿ ಕಳಿಸಿ, ಮತ್ತೆ "ಸರಿ" ಬರುವವರೆಗೆ ರೂಮಿನ ಪುಸ್ತಕದಲ್ಲಿ ಪೆನ್ಸಿಲಿನಲ್ಲೇ ಬರೆದಿಡಿ. ನಮಸ್ಕಾರ.