ಡಬ್ಬದ ಮೇಲಿನ 5 ವರ್ಷ

ಕೇಳುಗರಿಗೆ ನಮಸ್ಕಾರ.

ನಾನು ಮಾಡುವ ಕೆಲಸ ಸ್ವಲ್ಪ ವಿಚಿತ್ರದ್ದು. ಮಿಕ್ಸಿ, ಗ್ಯಾಸ್ ಒಲೆ, ಫ್ಯಾನು ಕೊಂಡಾಗ ಡಬ್ಬದೊಳಗೆ ಒಂದು ಮಡಚಿದ ಕಾಗದ ಇರುತ್ತದಲ್ವಾ, ಅದನ್ನು ಕನ್ನಡದಲ್ಲಿ ಬರೆದುಕೊಡುತ್ತೇನೆ. ನೀವು ಯಾರೂ ಓದುವುದಿಲ್ಲ ಅಂತ ನನಗೆ ಗೊತ್ತು. ಬೇಸರ ಇಲ್ಲ. ನಾನೂ ಬೇರೆಯವರು ಬರೆದದ್ದನ್ನು ಓದುವುದಿಲ್ಲ.

ಹೋದ ವರ್ಷ ತಿಪಟೂರಿನಿಂದ ನಮ್ಮ ಅತ್ತಿಗೆ ಫೋನ್ ಮಾಡಿದರು. ಮಿಕ್ಸಿ ಕೊಂಡು ಎರಡೂವರೆ ವರ್ಷ. ಒಂದು ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದಾಗ ಸುಟ್ಟ ವಾಸನೆ ಬಂದು ನಿಂತೇ ಹೋಯಿತು. ಡಬ್ಬದ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ 'ಮೋಟಾರಿಗೆ 5 ವರ್ಷ ವಾರಂಟಿ' ಅಂತ ಇತ್ತು. ಅದನ್ನೇ ನಂಬಿ ಸರ್ವಿಸ್ ಸೆಂಟರ್‌ಗೆ ಹೊತ್ತುಕೊಂಡು ಹೋದರು. ಅಲ್ಲಿನ ಹುಡುಗ ಬಿಚ್ಚಿ ನೋಡಿ, "ಓವರ್‌ಲೋಡ್ ಆಗಿದೆ ಅಕ್ಕಾ, ವಾರಂಟಿ ಬರಲ್ಲ. ಹೊಸ ಮೋಟಾರಿಗೆ 1,450 ಆಗತ್ತೆ" ಅಂದನಂತೆ.

"ಐದು ವರ್ಷ ಅಂತ ಬರೆದಿದ್ದೀರಲ್ಲಪ್ಪಾ?"

"ಅದು ಮ್ಯಾನುಫ್ಯಾಕ್ಚರಿಂಗ್ ಡಿಫೆಕ್ಟಿಗೆ ಅಕ್ಕಾ."

ಅತ್ತಿಗೆ ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡರು. "ಇಂಥದ್ದನ್ನೆಲ್ಲ ಬರೆಯೋಳು ನೀನೇ ಅಲ್ವಾ?" ಆ ಕಂಪನಿಗೆ ನಾನು ಬರೆದಿರಲಿಲ್ಲ. ಆದರೂ ಮಾತು ಚುಚ್ಚಿತು. ವಾರಂಟಿ ಕಾರ್ಡಿನ ಫೋಟೋ ಕಳಿಸಿ ಅಂದೆ.

ಅದರಲ್ಲಿದ್ದ ಮುಖ್ಯ ವಾಕ್ಯ ಹೀಗಿತ್ತು, ಕೇಳಿ: 'ದುರ್ಬಳಕೆ, ಅಸಮರ್ಪಕ ನಿರ್ವಹಣೆ, ಅಧಿಕ ಭಾರ, ವಿದ್ಯುತ್ ಏರಿಳಿತ, ಅನಧಿಕೃತ ದುರಸ್ತಿ ಹಾಗೂ ಇತರೆ ಯಾವುದೇ ಕಾರಣಗಳಿಂದ ಉಂಟಾಗುವ ಹಾನಿಗೆ ಕಂಪನಿಯು ಹೊಣೆಯಲ್ಲ. ಈ ಕುರಿತು ಕಂಪನಿಯ ತೀರ್ಮಾನವೇ ಅಂತಿಮ.'

'ಇತರೆ ಯಾವುದೇ ಕಾರಣ' ಅನ್ನುವ ಮಾತು ಇಡೀ ಕಾರ್ಡನ್ನೇ ನುಂಗಿಬಿಡುತ್ತದೆ. ಯಾವುದೇ ಕಾರಣಕ್ಕೆ ಕೆಟ್ಟರೂ ನಾವು ಹೊಣೆಯಲ್ಲ ಅಂದ ಮೇಲೆ ಆ 5 ವರ್ಷ ಯಾತಕ್ಕೆ?

ಆದರೆ ಕಂಪನಿಯವರ ಮಾತಿನಲ್ಲೂ ಅರ್ಧ ನ್ಯಾಯ ಇದೆ. ಅದು ತಿಳಿಯಬೇಕಾದರೆ ಮಿಕ್ಸಿಯೊಳಗೆ ಸ್ವಲ್ಪ ಇಣುಕಬೇಕು. ಮಿಕ್ಸಿ ಮೋಟಾರು ಬಹಳ ವೇಗದ್ದು, ಬೇಗ ಕಾಯುತ್ತದೆ. ತಳದ ಚೀಟಿಯಲ್ಲಿ ಸಾಮಾನ್ಯವಾಗಿ '30 ನಿಮಿಷ ರೇಟಿಂಗ್' ಅಂತ ಇರುತ್ತದೆ. ಅರ್ಧ ಗಂಟೆ ಒಂದೇ ಸಮನೆ ಓಡಿಸಬಹುದು ಅಂತ ಜನ ತಿಳಿದುಕೊಳ್ಳುತ್ತಾರೆ. ಅದರ ಅರ್ಥ ಹಾಗಲ್ಲ. 5 ನಿಮಿಷ ಓಡಿಸಿ 2 ನಿಮಿಷ ಬಿಡಬೇಕು, ಹೀಗೆ ಆರು ಸಲ. ಓಡಿದ್ದೆಲ್ಲ ಕೂಡಿದರೆ 30 ನಿಮಿಷ. ಈ ಲೆಕ್ಕವನ್ನು ಚೀಟಿಯಲ್ಲಿ ಬಿಡಿಸಿ ಹೇಳದೆ, ಆಮೇಲೆ 'ಅಧಿಕ ಭಾರ' ಅಂತ ಗಿರಾಕಿಯ ಮೇಲೆ ಹೊರಿಸಿದರೆ ಅದು ಯಾವ ನ್ಯಾಯ?

ಇನ್ನೊಂದು ವಿಷಯ. ಮಿಕ್ಸಿಯ ತಳದಲ್ಲಿ ಒಂದು ಪುಟ್ಟ ಕೆಂಪು ಬಟನ್ ಇರುತ್ತದೆ, ನೋಡಿರುತ್ತೀರಿ. ಅದು ಓವರ್‌ಲೋಡ್ ಬಟನ್. ಮೋಟಾರಿಗೆ ಹೊರೆ ಜಾಸ್ತಿಯಾದರೆ ಅದು ತಾನಾಗಿ ಜಿಗಿದು ಕರೆಂಟು ನಿಲ್ಲಿಸಬೇಕು. ಮೋಟಾರು ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ಅತ್ತಿಗೆಯನ್ನು ಕೇಳಿದೆ: ಆ ಬಟನ್ ಜಿಗಿದಿತ್ತಾ? ಇಲ್ಲ, ಒಂದು ಸಲವೂ ಜಿಗಿದದ್ದಿಲ್ಲ.

ಇಲ್ಲೇ ಗಂಟು ಬಿಚ್ಚಿಕೊಂಡಿತು. ಹೊರೆ ಜಾಸ್ತಿಯಾಗಿ ಮೋಟಾರು ಸುಟ್ಟಿದೆ ಅಂತಲೇ ಇಟ್ಟುಕೊಳ್ಳಿ. ಹಾಗಾದಾಗ ತಡೆಯಲಿಕ್ಕೆ ಅಂತಲೇ ಕಂಪನಿ ಹಾಕಿದ ಬಟನ್ ಕೆಲಸ ಮಾಡಲಿಲ್ಲ. ಅದು ಅತ್ತಿಗೆಯ ತಪ್ಪು ಹೇಗಾಯಿತು? ಸರ್ವಿಸ್ ಹುಡುಗ ಹೇಳಿದ 'ಓವರ್‌ಲೋಡ್' ಅನ್ನುವ ಕಾರಣವೇ ತಯಾರಿಕೆಯ ದೋಷಕ್ಕೆ ಸಾಕ್ಷಿ.

ಅವರು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಇದನ್ನೇ ಎರಡು ಸಾಲಿನಲ್ಲಿ ಹೇಳಿ ದೂರು ಕೊಟ್ಟರು. ಅದರ ಕಥೆ ಕೊನೆಗೆ ಹೇಳುತ್ತೇನೆ.

ಇದಾದ ಕೆಲವೇ ದಿನಕ್ಕೆ ಒಂದು ಸಣ್ಣ ಕಂಪನಿಯವರು ತಮ್ಮ ಮಿಕ್ಸಿ ಕಾರ್ಡನ್ನು ಹೊಸದಾಗಿ ಬರೆದುಕೊಡಿ ಅಂತ ಬಂದರು. ಅವರ ಹಳೆಯ ಕಾರ್ಡಿನಲ್ಲೂ ಹೆಚ್ಚುಕಡಿಮೆ ಅದೇ ವಾಕ್ಯ. ಈ ವಾಕ್ಯಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ, ಒಂದು ಕಂಪನಿಯಿಂದ ಇನ್ನೊಂದಕ್ಕೆ ನಕಲಾಗುತ್ತಾ ಬಂದಿದೆ.

ಮೊದಲು 'ಅಧಿಕ ಭಾರ'ವನ್ನು ಹಿಡಿದೆವು. ಅವರ ಇಂಜಿನಿಯರ್ ಜೊತೆ ಒಂದು ಮಧ್ಯಾಹ್ನ ಕೂತು, ಸುಟ್ಟ ಮೋಟಾರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಹೊರೆಯಿಂದ ಸುಟ್ಟರೆ ಸಾಮಾನ್ಯವಾಗಿ ಸುತ್ತಿದ ತಂತಿಯೆಲ್ಲ ಒಂದೇ ಸಮ ಕಪ್ಪಾಗಿರುತ್ತದೆ. ತಯಾರಿಸುವಾಗಲೇ ತಂತಿಯ ಲೇಪ ಎಲ್ಲೋ ಸುಲಿದಿದ್ದರೆ ಒಂದು ಕಡೆ ಮಾತ್ರ ಸುಟ್ಟು, ಉಳಿದದ್ದು ತಾಮ್ರದ ಬಣ್ಣದಲ್ಲೇ ಹೊಳೆಯುತ್ತಿರುತ್ತದೆ. ಅಂದರೆ ನೋಡಿ ಹೇಳಬಹುದಾದ ಗುರುತುಗಳಿವೆ. ಹಾಗಿದ್ದ ಮೇಲೆ ಕಾರ್ಡಿನಲ್ಲಿ ಆ ಗುರುತನ್ನೇ ಬರೆಯಬಹುದಲ್ಲ? ಕೊನೆಗೆ ಬರೆದದ್ದು ಇದು:

'ಮೋಟಾರು ಸುಟ್ಟರೆ ನಿಮ್ಮ ಮುಂದೆಯೇ ಬಿಚ್ಚಿ ನೋಡುತ್ತೇವೆ. ಒಂದು ಕಡೆ ಮಾತ್ರ ಸುಟ್ಟಿದ್ದರೆ ಖರ್ಚು ನಮ್ಮದು. ಎಲ್ಲ ಕಡೆ ಸುಟ್ಟಿದ್ದು, ಓವರ್‌ಲೋಡ್ ಬಟನ್ ಕೆಲಸ ಮಾಡುತ್ತಿಲ್ಲದಿದ್ದರೆ ಆಗಲೂ ಖರ್ಚು ನಮ್ಮದು. ಬಟನ್ ತೆಗೆದು ತಂತಿಯನ್ನು ಡೈರೆಕ್ಟ್ ಮಾಡಿಸಿದ್ದರೆ ಖರ್ಚು ನಿಮ್ಮದು. ವಾರಂಟಿ ಕೊಡುವುದಿಲ್ಲ ಅಂದರೆ ಕಾರಣ ಬರೆದು, ಫೋಟೋ ಜೊತೆ ಕೊಡುತ್ತೇವೆ.'

ಇಂಜಿನಿಯರ್ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. "ಬಟನ್ ಜಿಗಿದ ತಕ್ಷಣ ಕಾಯದೆ ಮತ್ತೆ ಮತ್ತೆ ಒತ್ತಿ ಸುಟ್ಟುಕೊಂಡರೆ?" ಅದನ್ನು ಮೋಟಾರು ನೋಡಿ ಹೇಳಲು ಆಗುತ್ತದಾ ಅಂತ ಕೇಳಿದೆ. ಆಗುವುದಿಲ್ಲ ಅಂದರು. ಹಾಗಾದರೆ ಅದನ್ನು ಷರತ್ತು ಮಾಡಬೇಡಿ, ಎಚ್ಚರಿಕೆಯಾಗಿ ಬಟನ್ ಪಕ್ಕದಲ್ಲೇ ಅಂಟಿಸಿ ಅಂದೆ. ತೋರಿಸಲಾಗದ ತಪ್ಪನ್ನು ಕಾರ್ಡಿನಲ್ಲಿ ಬರೆದರೆ ಜಗಳ ಹುಟ್ಟುತ್ತದೆ ಅಷ್ಟೆ. 'ವಿದ್ಯುತ್ ಏರಿಳಿತ'ವೂ ಹೀಗೇ ಬಿತ್ತು. ಮನೆಯಲ್ಲಿ ಆ ಕ್ಷಣಕ್ಕೆ ಎಷ್ಟು ವೋಲ್ಟ್ ಇತ್ತು ಅಂತ ಆಮೇಲೆ ಯಾರು ಹೇಳಬೇಕು? ಗಿರಾಕಿಗೂ ಗೊತ್ತಿಲ್ಲ, ಕಂಪನಿಗೂ ಗೊತ್ತಿಲ್ಲ.

ಎಲ್ಲ ಹೊರಗಿಡುವಿಕೆಯೂ ಮೋಸ ಅಂತ ನಾನು ಹೇಳುತ್ತಿಲ್ಲ. ಜಾರಿನ ತಳದಲ್ಲಿ ಕಪ್ಲರ್ ಅಂತ ಒಂದು ಬಿಲ್ಲೆ ಇರುತ್ತದೆ. ಮೋಟಾರಿನ ತಿರುಗಾಟವನ್ನು ಬ್ಲೇಡಿಗೆ ಮುಟ್ಟಿಸುವುದು ಅದೇ. ಗಟ್ಟಿ ಅರಿಶಿನದ ಕೊಂಬೋ, ಒಣ ಕೊಬ್ಬರಿಯ ದೊಡ್ಡ ಹೋಳೋ ಸಿಕ್ಕಿ ಬ್ಲೇಡು ನಿಂತರೆ ಆ ಬಿಲ್ಲೆಯ ಹಲ್ಲು ಮುರಿಯುತ್ತದೆ. ಅದು ಮುರಿದದ್ದರಿಂದಲೇ ಮೋಟಾರು ಉಳಿಯುತ್ತದೆ. ಹಾಗೆಯೇ ಮೋಟಾರಿನೊಳಗಿನ ಕಾರ್ಬನ್ ಬ್ರಷ್ ಪೆನ್ಸಿಲ್ ಸೀಸದ ಹಾಗೆ ಸವೆಯುತ್ತಲೇ ಇರುತ್ತದೆ. ಇವಕ್ಕೆ 5 ವರ್ಷ ಕೊಡಿ ಅನ್ನುವುದು ಚಪ್ಪಲಿ ಸವೆಯಬಾರದು ಅಂದ ಹಾಗೆ. ಆದರೆ ಇವನ್ನು 'ಸವೆಯುವ ಭಾಗಗಳನ್ನು ಹೊರತುಪಡಿಸಿ' ಅಂತ ಮೂರು ಪದದಲ್ಲಿ ಮುಗಿಸಬಾರದು. ಯಾವ ಭಾಗ ಸವೆಯುತ್ತದೆ ಅಂತ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಹೆಸರು ಹೇಳಿ, ಚಿತ್ರ ಹಾಕಿ, ಈಗಿನ ಬೆಲೆ ಬರೆಯಿರಿ ಅಂದೆ. ಬೆಲೆ ಬರೆಯಲಿಕ್ಕೆ ಮಾಲೀಕರು ಒಂದು ವಾರ ಹಿಂದೆ ಮುಂದೆ ನೋಡಿದರು. ಆಮೇಲೆ ಒಪ್ಪಿದರು.

ಇನ್ನು ಡಬ್ಬದ ವಿಷಯ. ನಮ್ಮ ಅತ್ತಿಗೆಯ ಡಬ್ಬದಲ್ಲಿ '5 ವರ್ಷ'ದ ತಲೆಯ ಮೇಲೆ ಒಂದು ಪುಟ್ಟ ನಕ್ಷತ್ರ ಇತ್ತು. ಅದರ ವಿವರಣೆ ಡಬ್ಬದ ಅಡಿಯಲ್ಲಿ, ಇಂಗ್ಲಿಷಿನಲ್ಲಿ, ಇರುವೆ ಸಾಲಿನ ಹಾಗೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ. ದೊಡ್ಡದಾಗಿ ಹೇಳಿದ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿ, ಅದೇ ಬಗೆಯ ಅಕ್ಷರದಲ್ಲಿ ಇರಬೇಕು ಅನ್ನುತ್ತದೆ ಅದು. ಡಬ್ಬದ ಮೇಲಾದರೆ ಆದಷ್ಟೂ ಅದೇ ಬದಿಯಲ್ಲಿ ಇರಬೇಕು. ಹಾಗಾಗಿ ನಮ್ಮ ಹೊಸ ಡಬ್ಬದಲ್ಲಿ ನಕ್ಷತ್ರವನ್ನೇ ತೆಗೆದೆವು. 'ಮಿಕ್ಸಿಗೆ 2 ವರ್ಷ. ಮೋಟಾರಿಗೆ ಮಾತ್ರ 5 ವರ್ಷ. ಜಾರಿನ ಕಪ್ಲರ್, ಕಾರ್ಬನ್ ಬ್ರಷ್ ಇದರಲ್ಲಿ ಸೇರಿಲ್ಲ.' ಮೂರು ಸಾಲು, ಒಂದೇ ಬದಿ.

'ಕಂಪನಿಯ ತೀರ್ಮಾನವೇ ಅಂತಿಮ' ಅನ್ನುವುದನ್ನು ಸುಮ್ನೆ ಹೊಡೆದು ಹಾಕಿದೆ. ಅದು ಯಾವತ್ತೂ ಅಂತಿಮ ಆಗಿರಲಿಲ್ಲ. ಹಾಗೆ ಬರೆದ ಮಾತ್ರಕ್ಕೆ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ತಪ್ಪುವುದಿಲ್ಲ. 'ವ್ಯಾಜ್ಯವಿದ್ದರೆ ದೆಹಲಿ ನ್ಯಾಯಾಲಯದಲ್ಲಿ ಮಾತ್ರ' ಅಂತ ಕೆಲವು ಕಾರ್ಡಿನಲ್ಲಿ ಇರುತ್ತದಲ್ಲ, ಅದಕ್ಕೂ ಹೆದರಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಿಕ್ಸಿಯಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. 'ಅನ್ಯಾಯದ ಕರಾರು' ಅನ್ನುವುದಕ್ಕೂ ಆ ಕಾಯ್ದೆಯಲ್ಲಿ ಜಾಗ ಇದೆ. ಆದರೆ ಷರತ್ತೇ ಅನ್ಯಾಯದ್ದು ಅಂತ ತಕರಾರು ಎತ್ತುವುದಾದರೆ ಜಿಲ್ಲೆ ಸಾಲದು, ರಾಜ್ಯ ಆಯೋಗಕ್ಕೆ ಹೋಗಬೇಕು. ಒಂದು ಮಿಕ್ಸಿಗೋಸ್ಕರ ಅಷ್ಟು ದೂರ ಯಾರು ಹೋಗುತ್ತಾರೆ ಹೇಳಿ. ಕೆಟ್ಟ ಷರತ್ತುಗಳು ಇಷ್ಟು ವರ್ಷ ಬದುಕಿರುವುದು ಅದರಿಂದಲೇ ಅಂತ ನನ್ನ ಅನಿಸಿಕೆ.

ಈಗ ಅತ್ತಿಗೆಯ ಕಥೆಗೆ ಬರೋಣ. ದೂರು ಕೊಟ್ಟು ಎರಡು ವಾರಕ್ಕೆ ಕಂಪನಿಯವರೇ ಫೋನ್ ಮಾಡಿ ಮೋಟಾರು ಬಿಟ್ಟಿ ಹಾಕಿಕೊಡುತ್ತೇವೆ ಅಂದರು. ಹಾಕಿಯೂ ಕೊಟ್ಟರು. ತರಲು ಹೋದಾಗ 350 ರೂಪಾಯಿ ಬಿಲ್ಲು. ಅದು ಬಿಚ್ಚಿ ಜೋಡಿಸಿದ ಕೂಲಿಯಂತೆ. ವಾರಂಟಿ ಇರುವುದು ಮೋಟಾರಿಗೆ, ಕೂಲಿಗಲ್ಲ ಅಂದರಂತೆ. "ಮೋಟಾರು ತಾನೇ ಎದ್ದು ಹೋಗಿ ಕೂತ್ಕೊಳ್ಳತ್ತಾ?" ಅಂತ ಅತ್ತಿಗೆ ಕೇಳಿದ್ದಾರೆ. ಆದರೂ ದುಡ್ಡು ಕೊಟ್ಟು ಬಂದರು, ಮಾರನೆಯ ದಿನ ಮನೆಯಲ್ಲಿ ಹಬ್ಬ ಇತ್ತು.

ಫೋನ್ ಇಟ್ಟ ಮೇಲೆ ನಮ್ಮ ಹೊಸ ಕಾರ್ಡನ್ನು ತೆಗೆದು ನೋಡಿದೆ. ಅಷ್ಟೆಲ್ಲ ಬರೆದಿದ್ದ ನಾನೂ ಕೂಲಿಯ ಮಾತು ಎತ್ತಿರಲಿಲ್ಲ. ಅಚ್ಚಿಗೆ ಹೋಗಲು ಇನ್ನೂ ಎರಡು ದಿನ ಇತ್ತು. ಮಾಲೀಕರಿಗೆ ಫೋನ್ ಮಾಡಿ ಒಂದು ಸಾಲು ಸೇರಿಸಿದೆ: 'ಮೊದಲ 2 ವರ್ಷ ಕೂಲಿಯೂ ನಮ್ಮದು. 3ರಿಂದ 5ನೇ ವರ್ಷದವರೆಗೆ ಮೋಟಾರು ನಮ್ಮದು, ಕೂಲಿ 200 ರೂಪಾಯಿ ನಿಮ್ಮದು.' ಪೂರ್ತಿ ಬಿಟ್ಟಿ ಮಾಡಿಸಲು ನೋಡಿದೆ, ಅವರು ಒಪ್ಪಲಿಲ್ಲ. ಆದರೆ ಆ 200 ಅನ್ನುವುದು ಡಬ್ಬದ ಮೇಲೂ ಬಂತು, ನಾಲ್ಕನೇ ಸಾಲಾಗಿ.

ನಮಸ್ಕಾರ.