ಜೆನ್ನರ್ ಆ ಹುಡುಗನಿಗೆ ಸಿಡುಬನ್ನೇ ಚುಚ್ಚಿದ್ದು ಯಾಕೆ?

ನಮಸ್ಕಾರ. ಲಸಿಕೆಗಳ ಬಗ್ಗೆ ಮಾತಾಡಿದಾಗಲೆಲ್ಲ ನೀವು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಎಡ್ವರ್ಡ್ ಜೆನ್ನರ್ ಅನ್ನೋ ಇಂಗ್ಲಿಷ್ ವೈದ್ಯರು 1796ರಲ್ಲಿ ಎಂಟು ವರ್ಷದ ಹುಡುಗನ ಮೈಗೆ ಬೇಕಂತಲೇ ಸಿಡುಬಿನ ಕೀವು ಸೇರಿಸಿದರಲ್ಲ, ಅವನು ಸತ್ತಿದ್ದರೆ?

ಈ ಪ್ರಶ್ನೆ ನನ್ನನ್ನೂ ತುಂಬಾ ಕಾಡಿದೆ. ಉತ್ತರ ಹುಡುಕುತ್ತಾ ಹೋದರೆ ಗೊತ್ತಾಗುವುದೇನೆಂದರೆ, ಸಿಡುಬು ಚುಚ್ಚುವುದು ಆಗ ಹೊಸದೇ ಅಲ್ಲ. ಸ್ವತಃ ಜೆನ್ನರ್‌ಗೂ ಬಾಲ್ಯದಲ್ಲಿ ಚುಚ್ಚಿಸಿದ್ದರು.

[ಪರದೆ ಮೇಲೆ: ಬಂಗಾಳ, 1700ರ ದಶಕ]

ಸಿಡುಬು ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲ. ಇದು ಎಲ್ಲ ಕಡೆಯ ಜನರಿಗೂ ಗೊತ್ತಿತ್ತು. ಹಾಗಿದ್ದರೆ ಸಣ್ಣದಾಗಿ ಬರಿಸಿಕೊಂಡರೆ ಆಯ್ತಲ್ವಾ? ಚೀನಾದಲ್ಲಿ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದರು. ಬಂಗಾಳದಲ್ಲಿ ಈ ಕೆಲಸಕ್ಕೆಂದೇ ಊರೂರು ಸುತ್ತುವ ಬ್ರಾಹ್ಮಣರಿದ್ದರು. ಅವರು ತೋಳಿನ ಚರ್ಮ ಗೀರಿ, ಕೀವು ಹತ್ತಿಸಿದ ಹತ್ತಿಯನ್ನು ಗಂಗಾಜಲದಲ್ಲಿ ನೆನೆಸಿ ಗಾಯದ ಮೇಲೆ ಇಡುತ್ತಿದ್ದರು. ಆ ಕೀವು ಹಿಂದಿನ ವರ್ಷ ಚುಚ್ಚಿಸಿಕೊಂಡವರದ್ದೇ ಆಗಿರಬೇಕಿತ್ತು. ರೋಗ ತಾನಾಗಿ ಬಂದವರದ್ದನ್ನು ಮುಟ್ಟುತ್ತಿರಲಿಲ್ಲ ಎಂದು 1767ರಲ್ಲಿ ಹಾಲ್ವೆಲ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದಿದ್ದಾರೆ.

ಇಂಗ್ಲೆಂಡಿಗೆ ಈ ಪದ್ಧತಿ ಹೋಗಿದ್ದು ಟರ್ಕಿಯಿಂದ. ರಾಯಭಾರಿಯ ಹೆಂಡತಿ ಮೇರಿ ಮಾಂಟೆಗು ಅಲ್ಲಿ ಅದನ್ನು ಕಣ್ಣಾರೆ ಕಂಡು, 1718ರಲ್ಲಿ ಮಗನಿಗೆ ಹಾಕಿಸಿದರು. ಅಮೆರಿಕದ ಬಾಸ್ಟನ್‌ನಲ್ಲಿ ಆಫ್ರಿಕಾದ ಒನೆಸಿಮಸ್ ಎಂಬ ಗುಲಾಮರು ತಮ್ಮ ನಾಡಿನ ಕ್ರಮವನ್ನು ಯಜಮಾನನಿಗೆ ವಿವರಿಸಿದರು. ಅಲ್ಲಿ 1721ರಲ್ಲಿ ಸಿಡುಬು ಹಬ್ಬಿದಾಗ ಕಾಯಿಲೆ ತಾನಾಗಿ ಬಂದವರಲ್ಲಿ ಸುಮಾರು ಏಳಕ್ಕೊಬ್ಬರು ಸತ್ತರು. ಚುಚ್ಚಿಸಿಕೊಂಡವರಲ್ಲಿ ಸತ್ತದ್ದು ನೂರಕ್ಕೆ ಎರಡು ಮೂರು ಜನ ಮಾತ್ರ.

ಇದರಲ್ಲೂ ದೊಡ್ಡ ತೊಂದರೆ ಇತ್ತು. ಚುಚ್ಚಿದ್ದು ನಿಜವಾದ ಸಿಡುಬೇ. ನಿಮಗೆ ನಾಲ್ಕು ಗುಳ್ಳೆ ಎದ್ದು ವಾಸಿಯಾಗಬಹುದು, ಆದರೆ ನಿಮ್ಮಿಂದ ಪಕ್ಕದ ಮನೆಗೆ ಹರಡುವುದು ಪೂರ್ತಿ ಸಿಡುಬು.

[ಪರದೆ ಮೇಲೆ: ಗ್ಲಾಸ್ಟರ್‌ಶೈರ್‌ನ ನಕ್ಷೆ]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಜೆನ್ನರ್ ಇದ್ದ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಚುಚ್ಚುವುದು ಹಳ್ಳಿಹಳ್ಳಿಗೂ ಬಂದ ಮೇಲೆ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಕೆಲವರಿಗೆ ಎಷ್ಟು ಸಲ ಚುಚ್ಚಿದರೂ ಅದು ಹತ್ತುತ್ತಲೇ ಇರಲಿಲ್ಲ. ಜೋಸೆಫ್ ಮೆರೆಟ್ ಎಂಬಾತನನ್ನೇ ನೋಡಿ. 1770ರಲ್ಲಿ ರೈತರೊಬ್ಬರ ಮನೆಯಲ್ಲಿ ಹಾಲು ಕರೆಯುತ್ತಿದ್ದಾಗ ಅವನಿಗೆ ಹಸುವಿನ ಸಿಡುಬು ತಗುಲಿತ್ತು. ಅದು ಹಸುವಿನ ಕೆಚ್ಚಲಿನಿಂದ ಹತ್ತುವ, ಸಿಡುಬಿನ ಜಾತಿಯದೇ ಆದರೂ ತುಂಬಾ ಸೌಮ್ಯವಾದ ಬೇರೆ ಕಾಯಿಲೆ. ಕೈಯಲ್ಲಿ ಹುಣ್ಣು, ಎರಡೂ ಕಂಕುಳಲ್ಲಿ ಊತ, ಕೆಲವು ದಿನ ಮೈ ಸರಿಯಿರಲಿಲ್ಲ, ಅಷ್ಟೇ. 25 ವರ್ಷ ಕಳೆದು, 1795ರಲ್ಲಿ, ಮನೆಯವರ ಜೊತೆ ಅವನಿಗೂ ಸಿಡುಬು ಚುಚ್ಚಿದರು. ಮತ್ತೆ ಮತ್ತೆ ಚುಚ್ಚಿದರೂ ಚರ್ಮ ಸ್ವಲ್ಪ ಕೆಂಪಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮನೆಯಲ್ಲೊಬ್ಬರಿಗೆ ಮೈತುಂಬ ಸಿಡುಬು ಎದ್ದಾಗ ಜೊತೆಯಲ್ಲೇ ಇದ್ದ. ಆಗಲೂ ಅವನಿಗೆ ಬರಲಿಲ್ಲ.

ಹಾಲು ಕರೆಯುವವರಿಗೆ ಸಿಡುಬು ಬರಲ್ಲ ಅಂತ ಹಳ್ಳಿಯ ಜನ ಮೊದಲಿಂದ ಹೇಳುತ್ತಿದ್ದರು. ಆದರೆ ಬರದಿದ್ದುದು ಅದೃಷ್ಟವೋ ರಕ್ಷಣೆಯೋ ಅಂತ ತಿಳಿಯುವುದು ಹೇಗೆ? ಸಿಡುಬು ಚುಚ್ಚಿ ನೋಡುವುದೇ ದಾರಿ. ಚಿನ್ನವನ್ನು ಒರೆಗೆ ಹಚ್ಚಿದ ಹಾಗೆ. ಹಳೆಯ ಪದ್ಧತಿಯೇ ಹೊಸದನ್ನು ಪರೀಕ್ಷಿಸುವ ಒರೆಗಲ್ಲಾಯಿತು. ಅದಿಲ್ಲದಿದ್ದರೆ ಹಳ್ಳಿಯವರ ಮಾತು ಮಾತಾಗಿಯೇ ಉಳಿಯುತ್ತಿತ್ತು ಅಂತ ನನ್ನ ಅನಿಸಿಕೆ.

1774ರಲ್ಲೇ ಬೆಂಜಮಿನ್ ಜೆಸ್ಟಿ ಎಂಬ ರೈತ ಹಸುವಿನ ಸಿಡುಬನ್ನು ಹೆಂಡತಿ, ಮಕ್ಕಳಿಗೆ ಚುಚ್ಚಿದ್ದ. ಜೆನ್ನರ್ ಅದನ್ನು ಕ್ರಮವಾಗಿ ಮಾಡಿ, ಒರೆಗೆ ಹಚ್ಚಿ, ಬರೆದಿಟ್ಟರು.

[ಪರದೆ ಮೇಲೆ: 1796, ಮೇ 14]

ಹಾಲು ಕರೆಯುವ ಸಾರಾ ನೆಲ್ಮ್ಸ್‌ಳ ಕೈಯಲ್ಲಿದ್ದ ಹಸುವಿನ ಸಿಡುಬಿನ ಹುಣ್ಣಿನಿಂದ ಕೀವು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿನಲ್ಲಿ ಅರ್ಧ ಇಂಚಿನ ಎರಡು ಗೀರು ಹಾಕಿ ಸೇರಿಸಿದರು. ಏಳನೇ ದಿನ ಕಂಕುಳು ನೋವು. ಒಂಬತ್ತನೇ ದಿನ ಚಳಿ, ತಲೆನೋವು, ಊಟ ಸೇರಲಿಲ್ಲ. ಮರುದಿನ ಹುಷಾರಾದ. ಜುಲೈ 1ರಂದು ಎರಡೂ ತೋಳಿಗೆ ಸಿಡುಬಿನ ಕೀವು ಚುಚ್ಚಿದರು. ಸಿಡುಬು ಬರಲಿಲ್ಲ. ಅಪಾಯ ಇದ್ದೇ ಇತ್ತು, ಆದರೆ ಆ ಕಾಲದ ಎಷ್ಟೋ ತಂದೆತಾಯಿ ತಮ್ಮ ಮಕ್ಕಳಿಗೆ ಮಾಡಿಸುತ್ತಿದ್ದುದೂ ಇದನ್ನೇ.

ಸಮಯ ಕಮ್ಮಿ ಇದೆ, ಉಳಿದದ್ದನ್ನು ಬೇಗ ಹೇಳ್ತೀನಿ. ಜೆನ್ನರ್ 1798ರಲ್ಲಿ ಇಂಥ 23 ಪ್ರಕರಣಗಳನ್ನು ಪ್ರಕಟಿಸಿದರು. ರಕ್ಷಣೆ ಜೀವನಪೂರ್ತಿ ಇರುತ್ತದೆ ಅಂತ ಅವರು ನಂಬಿದ್ದು ತಪ್ಪಾಗಿತ್ತು, ವರ್ಷಗಳು ಕಳೆದಂತೆ ಮತ್ತೆ ಹಾಕಿಸಬೇಕಾಯಿತು. 1802ರಲ್ಲಿ ಹಸುವಿನ ಸಿಡುಬಿನ ಈ ಲಸಿಕೆ ಮುಂಬೈಗೆ ಬಂತು. ಥಾಮಸ್ ಹಿಕಿ 1805ರಲ್ಲಿ ಬರೆದ ಮೈಸೂರು ರಾಣಿಯರ ಚಿತ್ರ ಲಸಿಕೆಯ ಪ್ರಚಾರಕ್ಕೆಂದೇ ಬರೆಸಿದ್ದು ಎಂಬ ವಾದವಿದೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಾರೆ. ಇನ್ನೊಬ್ಬರ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಮೂಗಿನ ಮೂಲಕ ಸಿಡುಬು ಕೊಡುವ ಹಳೆಯ ಪದ್ಧತಿಯ ಗುರುತು ಇರಬಹುದು ಅಂತ ಇತಿಹಾಸಕಾರರೊಬ್ಬರು ಹೇಳುತ್ತಾರೆ.