ಆನ್‌ಲೈನ್ ಟ್ಯೂಷನ್: ಕಮಿಷನ್ ಎಲ್ಲಿ ಸೋರುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ.

ಉಡುಪಿ, ಮಣಿಪಾಲ, ಮಂಗಳೂರು ಕಡೆ ಸಣ್ಣ ಮಟ್ಟದಲ್ಲಿ ಆನ್‌ಲೈನ್ ಟ್ಯೂಷನ್ ಶುರು ಮಾಡುವವರು ನನ್ನ ಹತ್ತಿರ ಲೆಕ್ಕಪತ್ರದ ವಿಷಯಕ್ಕೆ ಬರುತ್ತಾರೆ. ಐದಾರು ಟೀಚರ್‌ಗಳು, ಒಂದು ವಾಟ್ಸಾಪ್ ಗ್ರೂಪು, ಮೀಟ್ ಲಿಂಕು, ಅಷ್ಟೇ ಬಂಡವಾಳ. ಪಾಠ ಹೇಗೆ ಮಾಡಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತು. ದುಡ್ಡು ಹೇಗೆ ತಗೋಬೇಕು ಅನ್ನೋದರಲ್ಲೇ ಗೊಂದಲ. ತಿಂಗಳ ಚಂದಾ ಇಡುವುದಾ? ಟೀಚರ್‌ಗೆ ಬರುವ ಫೀಸಿನಲ್ಲಿ ಕಮಿಷನ್ ಹಿಡಿಯುವುದಾ? ಇಲ್ಲ, ಒಂದೇ ಸಲ ಇಷ್ಟು ಅಂತ ತಗೊಂಡು ಸುಮ್ನಿರುವುದಾ?

ಹೆಚ್ಚಿನವರು ಕಮಿಷನ್ ಅಂತಲೇ ಹೇಳುತ್ತಾರೆ. ಕ್ಲಾಸ್ ನಡೆದರೆ ಮಾತ್ರ ನಮಗೆ ದುಡ್ಡು, ಕೇಳಲು ನ್ಯಾಯವಾಗಿಯೇ ಇದೆ. ಆದರೆ ಟ್ಯೂಷನ್‌ನಲ್ಲಿ ಕಮಿಷನ್ ಸೋರುತ್ತದೆ. ಎಲ್ಲಿ, ಹೇಗೆ ಅನ್ನೋದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಎಸ್ಸೆಸ್ಸೆಲ್ಸಿ ಗಣಿತಕ್ಕೆ ಒಂದು ಕ್ಲಾಸಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಎಂಟು ಕ್ಲಾಸು, 2,400 ರೂಪಾಯಿ. ನಿಮ್ಮ ಕಮಿಷನ್ ನೂರಕ್ಕೆ 20. ಅಂದರೆ ಒಂದು ಮಗುವಿನಿಂದ ತಿಂಗಳಿಗೆ ನಿಮಗೆ 480 ರೂಪಾಯಿ, ಟೀಚರ್‌ಗೆ 1,920. ಜೂನ್‌ನಲ್ಲಿ 30 ಮಕ್ಕಳು ಸೇರಿದರು. ಪರೀಕ್ಷೆಗೆ ಮುಂಚೆ, ಫೆಬ್ರವರಿವರೆಗೆ ಒಂಬತ್ತು ತಿಂಗಳು. ಕಾಗದದ ಮೇಲೆ ನಿಮ್ಮ ಪಾಲು 1,29,600 ರೂಪಾಯಿ.

ಈಗ ಆ ಮನೆಯವರ ಕಡೆಯಿಂದ ನೋಡಿ. ಮೊದಲ ವಾರ ಅವರಿಗೆ ನೀವು ಬೇಕು. ಒಳ್ಳೆ ಟೀಚರ್ ಯಾರು ಅಂತ ಅವರಿಗೆ ಗೊತ್ತಿಲ್ಲ. ಎರಡು ತಿಂಗಳಾದ ಮೇಲೆ ಟೀಚರ್ ಗೊತ್ತು, ಅವರ ಫೋನ್ ನಂಬರ್ ಗೊತ್ತು, ಮಗುವಿಗೂ ಹೊಂದಿಕೆಯಾಗಿದೆ. ಆಮೇಲೆ ಪ್ರತಿ ತಿಂಗಳು ಆ 480 ರೂಪಾಯಿ ಯಾಕೆ ಕೊಡಬೇಕು ಅಂತ ಇಬ್ಬರಿಗೂ ಅನ್ನಿಸುತ್ತದೆ. 'ಮೇಡಂ, ನೀವೇ ನೇರವಾಗಿ ತಗೊಳ್ಳಿ, 2,100 ಕೊಡ್ತೇವೆ' ಅಂದರೆ ಮನೆಯವರಿಗೆ 300 ಉಳಿತಾಯ, ಟೀಚರ್‌ಗೆ 180 ಜಾಸ್ತಿ. ಇದರಲ್ಲಿ ಯಾರೂ ಕಳ್ಳರಲ್ಲ. ನೀವು ಇಟ್ಟ ಲೆಕ್ಕವೇ ಅವರನ್ನು ಹಾಗೆ ಮಾಡಿಸುತ್ತದೆ. ಅರ್ಧ ಮಕ್ಕಳು ಎರಡು ತಿಂಗಳಾದ ಮೇಲೆ ಹೀಗೆ ಹೊರಗೆ ಹೋದರೆ ನಿಮ್ಮ 1,29,600 ಇಳಿದು 79,200 ಆಗುತ್ತದೆ.

ಮಗು ನಿಜವಾಗಿ ಬಿಟ್ಟಿತಾ, ಇಲ್ಲ ಹೊರಗೆ ಮುಂದುವರಿಯಿತಾ? ಅದು ಹಾಜರಿ ಪುಸ್ತಕದಲ್ಲೇ ಗೊತ್ತಾಗುತ್ತದೆ. ಬೇಸರ ಬಂದು ಬಿಡುವ ಮಗು ಮೊದಲು ಒಂದು ಕ್ಲಾಸ್ ತಪ್ಪಿಸುತ್ತದೆ, ಆಮೇಲೆ ಎರಡು, ಹೋಂವರ್ಕ್ ಕಳಿಸುವುದು ನಿಲ್ಲುತ್ತದೆ. ಹೊರಗೆ ಹೋಗುವ ಮಗು ಎಂಟಕ್ಕೆ ಎಂಟು ಕ್ಲಾಸಿಗೆ ಬಂದು, ಮರುದಿನ 'ಇನ್ನು ಸಾಕು' ಅನ್ನುತ್ತದೆ. ದೂರೂ ಇಲ್ಲ, ಕಾರಣವೂ ಇಲ್ಲ. ಆಮೇಲೆ ಆ ಟೀಚರ್‌ಗೆ ಫೋನ್ ಮಾಡಿ, 'ಮಂಗಳವಾರ ಸಂಜೆ ಏಳು ಗಂಟೆ ಈಗ ಖಾಲಿ ಅಲ್ವಾ, ಹೊಸ ಹುಡುಗ ಇದ್ದಾನೆ' ಅಂತ ಕೇಳಿ. 'ಇಲ್ಲ, ಏಳಕ್ಕೆ ಆಗುವುದಿಲ್ಲ, ಎಂಟೂವರೆಗೆ ಕೊಡಿ' ಅಂತ ಬಂದರೆ, ಆ ಏಳು ಗಂಟೆಯಲ್ಲಿ ಯಾರು ಕೂತಿದ್ದಾರೆ ಅಂತ ಊಹಿಸಬಹುದು.

ಫೋನ್ ನಂಬರ್ ಮುಚ್ಚಿಡುವುದು, ಒಪ್ಪಂದಕ್ಕೆ ಸಹಿ ಹಾಕಿಸುವುದು, ಇವೆಲ್ಲ ನಮ್ಮ ಊರಿನಲ್ಲಿ ನಡೆಯುವ ಮಾತಲ್ಲ. ಟೀಚರ್ ಕಾರ್ಕಳದವರು, ಮಗು ಹೆಬ್ರಿಯದ್ದು, ನಡುವೆ ಒಬ್ಬರು ಸಂಬಂಧಿಕರು ಸಿಕ್ಕೇ ಸಿಗುತ್ತಾರೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ. ಮೂರನೇ ತಿಂಗಳಲ್ಲಿ ನೀವು ಏನು ಕೆಲಸ ಮಾಡುತ್ತಿದ್ದೀರಿ? ಏನೂ ಇಲ್ಲ, ಪರಿಚಯ ಮಾಡಿಸಿದ್ದು ಮಾತ್ರ ಅಂತಾದರೆ, ಒಂದೇ ಸಲದ ಫೀಸು ತಗೊಂಡು ಕೈ ತೊಳೆದುಕೊಳ್ಳಿ. ಮದುವೆ ಮಾಡಿಸಿದ ದಲ್ಲಾಳಿ ಪ್ರತಿ ತಿಂಗಳು ಮನೆಗೆ ಬಂದು ಪಾಲು ಕೇಳಿದರೆ ಯಾರು ಕೊಡುತ್ತಾರೆ? ಆದರೆ ಒಂದು ಮಗುವಿಗೆ 1,500 ತಗೊಂಡರೂ 30 ಮಕ್ಕಳಿಗೆ 45,000. ಅದೂ ಎಲ್ಲ ಜೂನ್‌ನಲ್ಲೇ. ಜುಲೈಯಿಂದ ಕೈ ಖಾಲಿ. ಜನವರಿಯಿಂದ ಪರೀಕ್ಷೆವರೆಗಿನ ಕ್ರ್ಯಾಶ್ ಕೋರ್ಸಿಗಾದರೆ ಒಂದೇ ಸಲದ ಫೀಸು ಸರಿ. ಅದಕ್ಕೊಂದು ಕೊನೆ ದಿನ ಇದೆ.

ವರ್ಷಪೂರ್ತಿ ನಡೆಸುವವರಿಗೆ ನನ್ನ ಸಲಹೆ ತಿಂಗಳ ಚಂದಾ. ಮನೆಯವರು ನಿಮಗೆ 2,400 ಕೊಡಲಿ, ಟೀಚರ್‌ಗೆ ಕ್ಲಾಸಿಗೆ 240ರಂತೆ ನೀವು ಕೊಡಿ. ಲೆಕ್ಕ ಅದೇ, ಆದರೆ ವಿಷಯ ಬೇರೆ. ಈಗ ಪಾಠ ನಿಮ್ಮದು. ಟೀಚರ್‌ಗೆ ಜ್ವರ ಬಂದರೆ ಬದಲಿಗೆ ಇನ್ನೊಬ್ಬರನ್ನು ಕೂರಿಸಬೇಕು, ತಿಂಗಳಿಗೊಂದು ಟೆಸ್ಟ್ ಮಾಡಿ ಅಂಕ ಕಳಿಸಬೇಕು. ಹೊರಗೆ ಹೋದರೆ ಮನೆಯವರಿಗೆ ಇದೆಲ್ಲ ಸಿಗುವುದಿಲ್ಲ. ಇಷ್ಟು ಮಾಡಲು ಮನಸ್ಸಿಲ್ಲದಿದ್ದರೆ ಚಂದಾ ಅಂತ ಹೆಸರು ಬದಲಿಸಿ ಪ್ರಯೋಜನ ಇಲ್ಲ, ಅದೂ ಸೋರುತ್ತದೆ.

ಚಂದಾದಲ್ಲಿ ಇನ್ನೊಂದು ತಲೆನೋವು ತಪ್ಪಿದ ಕ್ಲಾಸು. ಜುಲೈ ಮಳೆ ನಿಮಗೆ ಗೊತ್ತಲ್ಲ. ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ, ದುಡ್ಡು ಮಾತ್ರ ಮೊದಲೇ ಬಂದಿರುತ್ತದೆ. ದಸರಾ ಹೊತ್ತಿಗೆ ಒಂದೊಂದು ಮಗುವಿಗೆ ಮೂರು ಕ್ಲಾಸ್ ಬಾಕಿ ಇದ್ದರೆ, 30 ಮಕ್ಕಳಿಗೆ 90 ಕ್ಲಾಸು. ಅದನ್ನು ಮುಗಿಸಲು ಟೀಚರ್‌ಗಳಿಗೆ 21,600 ಕೊಡಬೇಕು. ಬ್ಯಾಂಕ್ ಖಾತೆಯಲ್ಲಿ ಕಾಣುವ ಅಷ್ಟು ದುಡ್ಡು ನಿಮ್ಮದಲ್ಲ. ಅದಕ್ಕೆ ಮೊದಲೇ ನಿಯಮ ಹೇಳಿಬಿಡಿ. ನಮ್ಮಿಂದ ತಪ್ಪಿದರೆ ಪೂರ್ತಿ ಮಾಡಿಕೊಡುತ್ತೇವೆ, ನಿಮ್ಮಿಂದ ತಪ್ಪಿದರೆ ತಿಂಗಳಿಗೆ ಒಂದು ಮಾತ್ರ, ಅದೂ ಮುಂದಿನ ತಿಂಗಳೊಳಗೆ.

ವಸೂಲಿಗೆ ಯುಪಿಐ ಆಟೋಪೇ ಇದೆ. 15,000 ರೂಪಾಯಿವರೆಗಿನ ತಿಂಗಳ ಕಂತಿಗೆ ಮೊದಲ ಸಲ ಒಪ್ಪಿಗೆ ಕೊಟ್ಟರೆ ಸಾಕು, ಪ್ರತಿ ಸಲ ಪಿನ್ ಹಾಕಬೇಕಿಲ್ಲ. ದುಡ್ಡು ಹೋಗುವ 24 ಗಂಟೆ ಮೊದಲು ಮನೆಯವರಿಗೆ ಮೆಸೇಜ್ ಬರುತ್ತದೆ. ಬೇಡ ಅನ್ನಿಸಿದರೆ ಆ್ಯಪ್‌ನಲ್ಲೇ ರದ್ದು ಮಾಡಬಹುದು. ತಾರೀಕು ಮಾತ್ರ ಒಂದಕ್ಕೆ ಇಡಬೇಡಿ, ಐದೋ ಏಳೋ ಇಡಿ. ಸಂಬಳ ಬಂದಿರದಿದ್ದರೆ ಕಂತು ಹೋಗುವುದಿಲ್ಲ, ಆಮೇಲೆ ನೀವೇ ಫೋನ್ ಮಾಡಿ ಕೇಳಬೇಕಾಗುತ್ತದೆ.

ಇನ್ನು ಜಿಎಸ್‌ಟಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ಖಾಸಗಿ ಟ್ಯೂಷನ್‌ಗೆ ತೆರಿಗೆ ನೂರಕ್ಕೆ 18. ಚಂದಾದಲ್ಲಿ ವಹಿವಾಟು ಅಂದರೆ ನಿಮ್ಮ ಪಾಲಿನ 480 ಅಲ್ಲ, ಪೂರ್ತಿ 2,400. ಒಂಬತ್ತು ತಿಂಗಳಿಗೆ ಒಂದು ಮಗುವಿನಿಂದ 21,600. ಹಾಗಾಗಿ 93ನೇ ಮಗು ಸೇರಿದಾಗ ಗಡಿ ದಾಟುತ್ತೀರಿ. ಆಮೇಲೆ ಅದೇ 2,400ಕ್ಕೆ ತೆರಿಗೆ ಸೇರಿ 2,832. ತೆರಿಗೆಯನ್ನು ಮನೆಯವರ ಮೇಲೆ ಹಾಕದೆ ಆ 2,400ರೊಳಗೇ ನೀವೇ ಹೊರುತ್ತೇನೆ ಅಂದರೆ ಸುಮಾರು 366 ತೆರಿಗೆ, ನಿಮ್ಮ 480ರಲ್ಲಿ ಹೆಚ್ಚಿನದ್ದು ಅಲ್ಲಿಗೇ ಹೋಗುತ್ತದೆ. ಕಮಿಷನ್‌ನಲ್ಲಿ ಇದು ತಪ್ಪುತ್ತದೆ ಅಂದುಕೊಳ್ಳಬೇಡಿ. ಟೀಚರ್‌ಗಳ ಫೀಸು ನಿಮ್ಮ ಆ್ಯಪ್ ಮೂಲಕ ಹಾದು ಹೋದರೆ ಇ-ಕಾಮರ್ಸ್ ನಿಯಮಗಳು ಬರುತ್ತವೆ, 20 ಲಕ್ಷಕ್ಕೆ ಮುಂಚೆಯೇ ನೋಂದಣಿಯ ಪ್ರಶ್ನೆ ಏಳಬಹುದು. ಆ್ಯಪ್ ಮಾಡಿಸಲು ಮುಂಗಡ ಕೊಡುವ ಮೊದಲೇ ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ಗೆ ಇದನ್ನು ತೋರಿಸಿ. ಎಪ್ಪತ್ತು, ಎಂಬತ್ತು ಮಕ್ಕಳಾದಾಗಲೇ ಮುಂದಿನ ಜೂನ್‌ನ ದರ ಎಷ್ಟು ಅಂತ ನಿರ್ಧರಿಸಿಕೊಳ್ಳಿ. ವರ್ಷದ ನಡುವೆ ಫೀಸು ಏರಿಸಿದರೆ ಮನೆಯವರು ಒಪ್ಪುವುದಿಲ್ಲ.

ನಮಸ್ಕಾರ.